ಫೋಟೊದ ಕ್ರಾಪು, ನಮ್ಮ ತಲೆ

ಎಸ್‌ಎಸ್‌ಎಲ್‌ಸಿ ಅರ್ಜಿಗೆ ಫೋಟೊ ತೆಗೆಸಲು ಇನ್ನು ನಾಲ್ಕೇ ದಿನ ಇತ್ತು. ಸಂಜೆ ಹೊತ್ತಿಗೆ ಹತ್ತನೇ ತರಗತಿಯ ಹುಡುಗನೊಬ್ಬ ತಲೆಗೆ ಟವೆಲ್ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಹಿಂದೆಯೇ ಅವನಪ್ಪ. "ನೋಡಿ ಮೇಷ್ಟ್ರೇ, ದುಡ್ಡು ಕೊಟ್ಟು ಏನ್ ಮಾಡಿಸ್ಕೊಂಡ್ ಬಂದವ್ನೆ" ಎಂದು ಟವೆಲ್ ಕಿತ್ತರು. ಮೇಲೆ ಚಪ್ಪಟೆ, ಕಿವಿಗಳ ಮೇಲೆ ಉಬ್ಬು. ಮಳೆಗಾಲದ ಅಣಬೆ ಎದ್ದು ಬಂದಂತಿತ್ತು ತಲೆ. ಹುಡುಗನ ಕಣ್ಣಲ್ಲಿ ನೀರು. ಫೋಟೊ ದಿನ ಶಾಲೆಗೇ ಬರುವುದಿಲ್ಲ ಎಂದು ಹಟ ಹಿಡಿದಿದ್ದನಂತೆ.

ನಾನು ಚಿಕ್ಕವನಿದ್ದಾಗ ಕಟಿಂಗ್ ಶಾಪಿನ ಗೋಡೆಯ ಮೇಲೆ ರಾಜ್‌ಕುಮಾರ್, ಶಂಕರ್‌ನಾಗ್ ಇರುತ್ತಿದ್ದರು. ಬೆರಳು ತೋರಿಸಿ "ಹಂಗೆ ಮಾಡಿ" ಎಂದರೆ ಆಯಿತು. ಹಾಗೆ ಆಗುತ್ತಿರಲಿಲ್ಲ, ಅದು ಬೇರೆ ಮಾತು. 1998ರಲ್ಲಿ 'ಎ' ಬಂದಾಗ ಉಪೇಂದ್ರರಂತೆ, 2018ರಲ್ಲಿ 'ಕೆಜಿಎಫ್' ಬಂದಾಗ ಯಶ್‌ರಂತೆ ಕೂದಲು ಬಿಟ್ಟ ಹುಡುಗರನ್ನು ನಮ್ಮ ಕುದೂರಿನಲ್ಲೂ ಕಂಡಿದ್ದೇನೆ. ಈಗ ಗೋಡೆಯ ಬದಲು ಮೊಬೈಲು. ಈ ಹುಡುಗನ ಮೊಬೈಲಿನಲ್ಲಿ ಐದು ಫೋಟೊಗಳಿದ್ದವು. ಕ್ಷೌರಿಕರಿಗೆ ತೋರಿಸಿದ್ದು ಮೊದಲನೆಯದು: ರೇಷ್ಮೆಯಂಥ ನೇರ ಕೂದಲು ಕಿವಿಯ ಮೇಲೆ ಇಳಿಬಿದ್ದ ಒಬ್ಬ ನಟನದು. ನಮ್ಮ ಹುಡುಗನದೋ ಗುಂಗುರು ಕೂದಲು!

"ನಿನ್ನ ಮುಖಕ್ಕೆ ಇದು ಒಪ್ಪುತ್ತೆ ಅಂತ ಹೇಗೆ ತೀರ್ಮಾನ ಮಾಡಿದೆ?" ಎಂದು ಕೇಳಿದೆ. ತನ್ನ ಸೆಲ್ಫಿಯನ್ನೂ ಆ ನಟನ ಫೋಟೊವನ್ನೂ ಅಕ್ಕಪಕ್ಕ ಇಟ್ಟು ನೋಡಿದನಂತೆ. ಇಬ್ಬರದೂ ಕೋಲುಮುಖವಾಗಿ ಕಂಡಿತಂತೆ. ಹುಡುಗ ಹೋಲಿಸಿ ನೋಡಿದ್ದು ಸರಿಯೇ. ಆದರೆ ಅಳತೆಗೋಲು ಎರಡು ಬೇರೆ ಬೇರೆ ಆಗಿದ್ದವು.

ಲೆಕ್ಕ ನೋಡಿ. ಕೈಯಳತೆಯಲ್ಲಿ ಹಿಡಿದ ಮೊಬೈಲಿನಿಂದ ಮೂಗಿನ ತುದಿಗೆ ಸುಮಾರು 30 ಸೆಂ.ಮೀ. ಹಣೆ, ಗದ್ದ ಮೂಗಿನ ತುದಿಗಿಂತ ಮೂರು ಸೆಂ.ಮೀ. ಹಿಂದೆ ಇರುತ್ತವೆ ಎನ್ನೋಣ. ಕೆನ್ನೆಮೂಳೆಯ ಅತಿ ಅಗಲದ ಭಾಗ ಇನ್ನೂ ಹಿಂದೆ, ಒಂಬತ್ತು ಸೆಂ.ಮೀ. ದೂರದ್ದು ಚಿಕ್ಕದಾಗಿ ಕಾಣುವುದು ನಿಮಗೆ ಗೊತ್ತೇ ಇದೆ. ಹಾಗಾಗಿ 33 ಸೆಂ.ಮೀ. ದೂರದ ಉದ್ದಕ್ಕೆ ಹೋಲಿಸಿದರೆ 39 ಸೆಂ.ಮೀ. ದೂರದ ಅಗಲ ಆರನೇ ಒಂದು ಪಾಲಿನಷ್ಟು ಕುಗ್ಗಿ ಕಾಣುತ್ತದೆ. ಅದೇ ಆರಡಿ ದೂರದಿಂದ ತೆಗೆದರೆ ಈ ಕುಗ್ಗುವಿಕೆ ನೂರಕ್ಕೆ ಮೂರರಷ್ಟು ಮಾತ್ರ. ನಟರ ಫೋಟೊಗಳನ್ನು ಸಾಮಾನ್ಯವಾಗಿ ದೂರ ನಿಂತೇ ತೆಗೆಯುತ್ತಾರೆ. ಸೆಲ್ಫಿ ದುಂಡುಮುಖವನ್ನೂ ಕೋಲು ಮಾಡಿಬಿಡುತ್ತದೆ.

ಹುಡುಗನ ಕೂದಲನ್ನು ಒದ್ದೆ ಮಾಡಿ ಹಿಂದಕ್ಕೆ ಬಾಚಿಸಿ ಗೋಡೆಗೆ ನಿಲ್ಲಿಸಿದೆ. ಆರಡಿ ಹಿಂದೆ ಸರಿದು, ಅವನ ಕಣ್ಣಿನ ಮಟ್ಟಕ್ಕೇ ಮೊಬೈಲ್ ಹಿಡಿದು ಅವನಪ್ಪ ಫೋಟೊ ತೆಗೆದರು. ಮುಖ ದೊಡ್ಡದಾಗಿ ಕಾಣಲಿ ಎಂದು ಹತ್ತಿರ ಹೋಗಬಾರದು, ತೆಗೆದ ಮೇಲೆ ಹಿಗ್ಗಿಸಿಕೊಳ್ಳಬೇಕು. ಆಮೇಲೆ ಸ್ಕೇಲು ಇಟ್ಟು ಅಳೆದೆವು. ಕೂದಲು ಹುಟ್ಟುವ ಗೆರೆಯಿಂದ ಗದ್ದದವರೆಗೆ 65 ಮಿ.ಮೀ., ಕೆನ್ನೆಮೂಳೆಗಳ ನಡುವೆ 50. ಹಣೆಯೂ ದವಡೆಯೂ ಹೆಚ್ಚುಕಡಿಮೆ ಒಂದೇ, 42 ಮತ್ತು 43. ಉದ್ದವನ್ನು ಅಗಲದಿಂದ ಭಾಗಿಸಿದರೆ 1.3. ಅವನ ಸೆಲ್ಫಿಯಲ್ಲಿ ಇದೇ ಲೆಕ್ಕ 1.5 ಬಂದಿತ್ತು. ಒಂದೂವರೆಯ ಹತ್ತಿರ ಇದ್ದರೆ ಕೋಲು, ಅದಕ್ಕಿಂತ ಬಹಳ ಕಡಿಮೆಯಾಗಿ ದವಡೆ ಮೂಲೆ ತಿರುಗದೆ ಇದ್ದರೆ ದುಂಡು ಎಂಬುದು ಒಂದು ಸ್ಥೂಲ ಲೆಕ್ಕ. ನ್ಯೂಟನ್ನನ ನಿಯಮವೇನಲ್ಲ. ಆದರೆ ಕೆನ್ನೆಯ ಪಕ್ಕದಲ್ಲಿ ಕೂದಲು ಉಬ್ಬಿದರೆ ಅಗಲವಾದ ಮುಖ ಇನ್ನೂ ಅಗಲವಾಗಿ ಕಾಣುತ್ತದೆ ಎಂಬುದಕ್ಕೆ ಎದುರಿಗೇ ಸಾಕ್ಷಿ ಇತ್ತು.

ಇನ್ನು ಕೂದಲಿನ ವಿಚಾರ. ಮುಖಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಎಣ್ಣೆ ಇಲ್ಲದೆ ತೊಳೆದು, ಬಾಚದೆ, ತಾನಾಗಿ ಒಣಗಲು ಬಿಟ್ಟರೆ ಕೂದಲು ತನ್ನ ನಿಜಗುಣ ತೋರಿಸುತ್ತದೆ. ಬಾಚಣಿಗೆಗೆ ಸಿಕ್ಕಿದ್ದ ಅವನ ಕೂದಲೆಳೆಯೊಂದನ್ನು ಎಳೆದು ಹಿಡಿದರೆ 9 ಸೆಂ.ಮೀ., ಬಿಟ್ಟರೆ ಸುರುಳಿ ಸುತ್ತಿ 6. ಮೂರರಲ್ಲಿ ಒಂದು ಪಾಲು ಮಾಯ! ಒದ್ದೆ ಕೂದಲು ತೂಕಕ್ಕೆ ಇಳಿಬಿದ್ದಿದ್ದಾಗ ಫೋಟೊದ ಅಳತೆಗೆ ಕತ್ತರಿಸಿದರೆ, ಒಣಗಿದ ಮೇಲೆ ಅದು ಮೇಲಕ್ಕೆ ಎದ್ದು ಪಕ್ಕಕ್ಕೆ ಉಬ್ಬದೆ ಇನ್ನೇನು ಮಾಡೀತು? ಎಳೆ ದಪ್ಪವೋ ತೆಳುವೋ ಎಂದು ತಿಳಿಯಲು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿ. ಇವನದು ಚೆನ್ನಾಗಿ ಕೈಗೆ ತಾಗಿತು. ಒಂದು ಎಳೆ ಇದೆಯೋ ಇಲ್ಲವೋ ಎಂಬಷ್ಟು ನವಿರಾಗಿದ್ದರೆ, ಎತ್ತಿ ನಿಲ್ಲಿಸುವ ಕ್ರಾಪುಗಳ ಆಸೆ ಬಿಡುವುದೇ ಲೇಸು.

"ಬಿಸಿಗಾಳಿಯ ಮಿಷನ್ ಹಿಡಿದು ನೇರ ಮಾಡಬಹುದಲ್ಲ ಸಾರ್?" ಎಂದ. ಮಾಡಬಹುದು. ಕೂದಲು ಕೆರಾಟಿನ್ ಎಂಬ ಪ್ರೋಟೀನು. ಅದರೊಳಗಿನ ಹೈಡ್ರೋಜನ್ ಬಂಧಗಳು ನೀರಿಗೆ ಬಿಡುತ್ತವೆ, ಒಣಗುವಾಗ ಹೇಗೆ ಹಿಡಿದಿರುತ್ತೇವೋ ಹಾಗೆ ಮತ್ತೆ ಕೂಡುತ್ತವೆ. ಆದರೆ ಬೆವರು ಬಂತು, ಮಳೆಹನಿ ಬಿತ್ತು ಎಂದರೆ ಮತ್ತೆ ಸುರುಳಿ. ಫೋಟೊದಲ್ಲಿ ಕೂದಲೆಲ್ಲ ಬುಡದಿಂದಲೇ ಎದ್ದು ಒಂದೇ ದಿಕ್ಕಿಗೆ ವಾಲಿ ಮಿಂಚುತ್ತಿದ್ದರೆ ಅದು ಬಹುಪಾಲು ಬಿಸಿಗಾಳಿಯ ಕೆಲಸ, ಕತ್ತರಿಯದಲ್ಲ.

ಈಗ ಐದು ಫೋಟೊಗಳನ್ನು ಮತ್ತೆ ತೆರೆದೆವು. ಎರಡರಲ್ಲಿ ನೇರ ಕೂದಲು, ತೆಗೆದುಹಾಕಿದೆವು. ಒಂದು ಬಿಸಿಗಾಳಿಯದು. ನಾಲ್ಕನೆಯದು ಗುಂಗುರೇ, ಆದರೆ ಬಲು ಉದ್ದ ಮುಖದವನದು. ಪಕ್ಕದ ಕೂದಲು ಅವನ ಮುಖಕ್ಕೆ ಬೇಕಿದ್ದ ಅಗಲ ಕೊಟ್ಟಿತ್ತು, ನಮಗೆ ಅದೇ ಬೇಡ. ಐದನೆಯದರಲ್ಲಿ ಒಂದೇ ಓರೆನೋಟ, ಹಿಂಭಾಗ, ಪಕ್ಕ ಹೇಗಿದೆಯೋ ತಿಳಿಯದು. ಐದೂ ಹೋದವು.

ಆಗ ಅವನಪ್ಪನಿಗೇ ಏನೋ ಹೊಳೆಯಿತು. ಮನೆಗೆ ಹೋಗಿ ಹಳೆಯ ಮದುವೆ ಆಲ್ಬಂ ತಂದರು. ಅದರಲ್ಲಿ ಹುಡುಗನ ಸೋದರಮಾವ ಇದ್ದ. ಅದೇ ಗುಂಗುರು, ಅದೇ ದುಂಡುಮುಖ. ಪಕ್ಕದಲ್ಲಿ ಚಿಕ್ಕದಾಗಿ ಕತ್ತರಿಸಿ, ಸೈಡ್ ಲಾಕ್ ಕಿರಿದು ಮಾಡಿ, ಮೇಲೆ ಮಾತ್ರ ಸುರುಳಿಗಳನ್ನು ಎತ್ತರಕ್ಕೆ ಬಿಟ್ಟಿದ್ದ. ಬಾಸಿಂಗ ಕಟ್ಟುವಾಗ ಪಕ್ಕದಿಂದ ತೆಗೆದದ್ದು, ಬಾಗಿ ನಮಸ್ಕರಿಸುವಾಗ ಹಿಂದಿನಿಂದ ತೆಗೆದದ್ದು, ಎಲ್ಲ ನೋಟವೂ ಇತ್ತು. ಫೋಟೊಗ್ರಾಫರು ದೂರದಲ್ಲೇ ನಿಂತಿದ್ದರು.

ಮಾರನೆಯ ದಿನ ಆಲ್ಬಂ ಸಮೇತ ಊರಿನ ಹಿರಿಯ ಕ್ಷೌರಿಕರೊಬ್ಬರ ಬಳಿ ಹೋದೆವು. ಅವರು ಫೋಟೊ ನೋಡುವ ಮೊದಲು ಹುಡುಗನ ನೆತ್ತಿಯ ಮೇಲೆ ಬೆರಳಾಡಿಸಿ ಸುಳಿ ಹುಡುಕಿದರು. "ಒಂದೇ ಸುಳಿ, ಒಂದೇ ಮದ್ವೆ" ಎಂದು ನಕ್ಕರು. ಆ ನಂಬಿಕೆಗೆ ವಿಜ್ಞಾನದ ಬೆಂಬಲವಿಲ್ಲ, ಆದರೆ ಸುಳಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬೈತಲೆ ತೆಗೆದರೆ ಅಲ್ಲಿ ಕೂದಲು ಎದ್ದು ನಿಲ್ಲುವುದು ನಿಜ. ಹುಡುಗ ಬೈತಲೆ ಬಲಕ್ಕೆ ಎಂದ. ಅವನ ಮೊಬೈಲಿನ ಸೆಲ್ಫಿ ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿ ತೋರಿಸುತ್ತಿತ್ತು, ಇರುವುದು ಎಡಕ್ಕೇ. ಮೇಲಿನ ಕೂದಲಿಗೆ ಹೆಚ್ಚು ಕತ್ತರಿ ಬಿದ್ದಿರದಿದ್ದದ್ದು ನಮ್ಮ ಪುಣ್ಯ. ಪಕ್ಕಕ್ಕೆ ಮಿಷನ್ ಹಾಕಿ, ಮೇಲ್ಗಡೆ ಒಣಗಿದ್ದಾಗಲೇ ಒಂದೊಂದು ಸುರುಳಿಯನ್ನೂ ಹಿಡಿದು ತುದಿ ಮಾತ್ರ ಕತ್ತರಿಸಿದರು.

ಫೋಟೊದ ದಿನ ಹುಡುಗ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದ. ಸಂಜೆ ಅವನಪ್ಪ ಸಿಕ್ಕಿದರು. "ಚೆನ್ನಾಗೇ ಬಂದದೆ ಮೇಷ್ಟ್ರೇ. ಆದ್ರೆ ಒಂದು ಬೇಜಾರು. ಈಗ ಥೇಟ್ ನಮ್ಮ ಭಾವಮೈದನಂಗೇ ಕಾಣ್ತಾವ್ನಲ್ಲ" ಎಂದರು.