ಅಮಾನತಿನ ಅವಧಿಗೆ ಆದೇಶ ಅಂದೇ ಆಗಬೇಕು, ನಿವೃತ್ತಿಯ ದಿನವಲ್ಲ



ಪಿಂಚಣಿ ತಡವಾದರೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯನ್ನು ದೂರುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಬೇಗೂರು ಹೋಬಳಿಯಲ್ಲಿ ನಾಲ್ಕು ಜನ ನಿವೃತ್ತರು ಸೇರಿದ ಕಡೆ ಇದೇ ಮಾತು. ಸಿಬ್ಬಂದಿ ಶಾಖೆಯಲ್ಲಿ ಇಂಥ ಕಡತಗಳನ್ನು ನೋಡಿಕೊಂಡೇ ನಿವೃತ್ತನಾದ ನನಗೆ ಈ ದೂರು ಸರಿಯೆನಿಸುವುದಿಲ್ಲ. ಎ.ಜಿ. ಕಚೇರಿಯಿಂದ ಆಕ್ಷೇಪಣೆ ಹೊತ್ತು ವಾಪಸಾದ ಕಡತ ಬಿಚ್ಚಿ ನೋಡಿದಾಗ ನನಗೆ ಮತ್ತೆ ಮತ್ತೆ ಕಂಡಿದ್ದು ಒಂದೇ: ಹದಿನೈದು-ಇಪ್ಪತ್ತು ವರ್ಷ ಹಿಂದಿನ ಒಂದು ಅಮಾನತು ಅಥವಾ ಅನಧಿಕೃತ ಗೈರುಹಾಜರಿ, ಅದನ್ನು ಹೇಗೆ ಪರಿಗಣಿಸಬೇಕೆಂಬ ಆದೇಶ ಮಾತ್ರ ಸೇವಾ ವಹಿಯ ಯಾವ ಪುಟದಲ್ಲೂ ಇಲ್ಲ. ಆ ಆದೇಶ ಮಾಡಬೇಕಾದವರು ನೌಕರನ ಇಲಾಖೆಯವರು, ಎ.ಜಿ. ಕಚೇರಿಯವರಲ್ಲ.

ಕರ್ನಾಟಕ ಸಿವಿಲ್ ಸೇವಾ ನಿಯಮಗಳ 99ನೇ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಮಾನತಾದ ನೌಕರನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಾಗ ಸಕ್ಷಮ ಪ್ರಾಧಿಕಾರ ಎರಡು ವಿಷಯಗಳ ಬಗ್ಗೆ ನಿರ್ದಿಷ್ಟ ಆದೇಶ ಮಾಡಬೇಕು. ಆ ಅವಧಿಗೆ ಎಷ್ಟು ಸಂಬಳ ಕೊಡಬೇಕು ಎಂಬುದು ಒಂದು, ಆ ಅವಧಿಯನ್ನು ಕರ್ತವ್ಯವೆಂದು ಎಣಿಸಬೇಕೇ ಎಂಬುದು ಇನ್ನೊಂದು. ನಮ್ಮ ಕಚೇರಿಗಳಲ್ಲಿ ಮೊದಲನೆಯದು ಹೇಗೋ ತೀರ್ಮಾನವಾಗುತ್ತದೆ, ಏಕೆಂದರೆ ಸಂಬಳದ ಬಿಲ್ಲು ಆಗಲೇಬೇಕು. ಎರಡನೆಯದು ಹಾಗೇ ಉಳಿಯುತ್ತದೆ, ಇಲ್ಲವೇ "ಅಮಾನತಿನ ಅವಧಿಯನ್ನು ಅಮಾನತು ಎಂದೇ ಪರಿಗಣಿಸಲಾಗಿದೆ" ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ಈ ಸಾಲು ಪಿಂಚಣಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ತಿಂಗಳುಗಳು ಅರ್ಹತಾದಾಯಕ ಸೇವೆಗೆ ಸೇರುತ್ತವೆಯೋ ಇಲ್ಲವೋ ಎಂದು ಬರೆಯದ ಆದೇಶ ಅರ್ಧ ಆದೇಶ.

ಗೈರುಹಾಜರಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಇಲ್ಲಿ ಎರಡು ಬೇರೆ ಬೇರೆ ನಷ್ಟಗಳಿವೆ. ಗೈರಾದ ಅವಧಿ ಮಾತ್ರ ಎಣಿಕೆಯಿಂದ ಬಿಟ್ಟುಹೋಗುವುದು ಒಂದು. ಅದನ್ನು ಸೇವೆಯಲ್ಲಿನ ಭಂಗವೆಂದು ಹಿಡಿದು ಅದಕ್ಕೂ ಹಿಂದಿನ ಸೇವೆಯನ್ನೆಲ್ಲ ಕಳೆಯುವುದು ಇನ್ನೊಂದು. "ಡೈಸ್ ನಾನ್" ಎಂದು ಆದೇಶವಾದರೆ ಮೊದಲನೆಯದಷ್ಟೇ ಆಗುತ್ತದೆ: ಆ ದಿನಗಳು ಲೆಕ್ಕಕ್ಕಿಲ್ಲ, ಆದರೆ ಹಿಂದಿನ ಸೇವೆ ಮುರಿಯುವುದಿಲ್ಲ. ಮಂಜೂರಾದ ರಜೆಯ ಬೆನ್ನಿಗೇ ಬಂದ ಗೈರು, ಆ ಹುದ್ದೆಗೆ ಬೇರೆಯವರನ್ನು ಕಾಯಂ ಆಗಿ ತುಂಬದಿದ್ದರೆ, ಭಂಗವಾಗುವುದಿಲ್ಲ. ಉಳಿದ ಗೈರನ್ನೂ ಹಿಂದಿನ ದಿನಾಂಕದಿಂದಲೇ ಅಸಾಧಾರಣ ರಜೆಯಾಗಿ ಪರಿವರ್ತಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಹಾಗೆ ಮಾಡಿದರೆ ಹಿಂದಿನ ಸೇವೆ ಉಳಿಯುತ್ತದೆ. ಆ ರಜೆಯ ಅವಧಿಯೂ ಪಿಂಚಣಿಗೆ ಎಣಿಕೆಯಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನೂ ಅದೇ ಆದೇಶದಲ್ಲಿ ಬರೆಯಬೇಕು.

ಒಂದು ಲೆಕ್ಕ ಹಾಕಿ ನೋಡಿ. 1995ರ ಜುಲೈ 1ರಂದು ಸೇರಿ 2024ರ ಜೂನ್ 30ಕ್ಕೆ ನಿವೃತ್ತರಾದ ನೌಕರರೊಬ್ಬರ ಕೊನೆಯ ಮೂಲ ವೇತನ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅವರ ಸೇವೆ 29 ವರ್ಷ, ಅಂದರೆ 58 ಅರ್ಧವರ್ಷ. 30 ವರ್ಷಕ್ಕೆ ಪೂರ್ಣ ಪಿಂಚಣಿ ಎಂಬ ಲೆಕ್ಕದಲ್ಲಿ ಮೂಲ ವೇತನದ ಅರ್ಧವಾದ 30,000ಕ್ಕೆ 60ರಲ್ಲಿ 58 ಪಾಲು ಹಿಡಿದರೆ ತಿಂಗಳಿಗೆ 29,000 ರೂಪಾಯಿ. ಇವರು 2003-04ರಲ್ಲಿ 14 ತಿಂಗಳು ಅಮಾನತಿನಲ್ಲಿದ್ದರು, 2009ರ ಜುಲೈನಿಂದ 2010ರ ಏಪ್ರಿಲ್ ಕೊನೆಯವರೆಗೆ 10 ತಿಂಗಳು ಗೈರಾಗಿದ್ದರು. ಈ ಎರಡೂ ಅವಧಿ ಎಣಿಕೆಗೆ ಬಾರದೆ ಹೋದರೆ ಉಳಿಯುವುದು 27 ವರ್ಷ, ಪಿಂಚಣಿ 27,000. ಗೈರನ್ನು ಸೇವಾಭಂಗವೆಂದು ಹಿಡಿದರೆ 2010ರ ಮೇ 1ರಿಂದ ಮಾತ್ರ ಎಣಿಕೆ: 14 ವರ್ಷ 2 ತಿಂಗಳು. ಮೂರು ತಿಂಗಳಿಗಿಂತ ಕಡಿಮೆಯ ಚೂರು ಬಿಟ್ಟುಹೋಗಿ 28 ಅರ್ಧವರ್ಷ ಉಳಿಯುತ್ತದೆ, ಪಿಂಚಣಿ 14,000ಕ್ಕೆ ಇಳಿಯುತ್ತದೆ. ಪ್ರತಿ ಅರ್ಧವರ್ಷಕ್ಕೆ ಕಾಲು ತಿಂಗಳ ಸಂಬಳದಂತೆ ಸಿಗುವ ಉಪದಾನವೂ ಹದಿನಾಲ್ಕೂವರೆ ತಿಂಗಳಿನಿಂದ ಏಳು ತಿಂಗಳಿಗೆ ಕುಸಿಯುತ್ತದೆ. ಮನುಷ್ಯ ಅದೇ, ಮಾಡಿದ ಕೆಲಸ ಅದೇ, ಗೈರಾದ ಹತ್ತು ತಿಂಗಳೂ ಅವೇ. ಸೇವಾ ವಹಿಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ಪಿಂಚಣಿ ಅರ್ಧವಾಗುತ್ತದೆ. ತೀರಿಹೋದ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಗಾಗಿ ಅಲೆಯುವಾಗಲೂ ಇದೇ ಸೇವಾ ವಹಿಯನ್ನು ತೆರೆಯುತ್ತಾರೆ.

ತಪ್ಪು ಮಾಡಿದವರಿಗೆ ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಶಿಕ್ಷೆಯನ್ನು ವಿಚಾರಿಸಿ, ನೋಟಿಸು ಕೊಟ್ಟು, ಕಾರಣ ಬರೆದು ಕೊಡಬೇಕು. ಐದು ವರ್ಷಕ್ಕಿಂತ ಹೆಚ್ಚು ಗೈರಾದರೆ ನೌಕರಿ ತಾನಾಗಿಯೇ ಹೋಯಿತು ಎಂದು ಬಿಹಾರ ಸರ್ಕಾರ ಶಿಕ್ಷಣ ಇಲಾಖೆಯ ಅಧಿಕಾರಿ ದೇವಕಿನಂದನ ಪ್ರಸಾದರ ಪಿಂಚಣಿ ತಡೆದಾಗ, ಅವರ ಮಾತು ಕೇಳದೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದದ್ದೂ ಅದೇ ತೀರ್ಪು. 2012ರ ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ ಗೈರು ಉದ್ದೇಶಪೂರ್ವಕವೇ ಎಂಬುದು ಸಾಬೀತಾಗಬೇಕು ಎಂದಿತು. ಆಸ್ಪತ್ರೆಯಲ್ಲಿ ಬಿದ್ದಿದ್ದವನಿಗೂ ಬೇಕೆಂದೇ ಬಾರದವನಿಗೂ ವ್ಯತ್ಯಾಸ ಗೊತ್ತಾಗುವುದು ಆ ವರ್ಷವೇ ವಿಚಾರಿಸಿದರೆ. ಇಪ್ಪತ್ತು ವರ್ಷದ ನಂತರ ಸಾಕ್ಷಿಯೂ ಇಲ್ಲ, ಕಾಗದವೂ ಇಲ್ಲ. ನಮ್ಮ ಜಿಲ್ಲೆಗೆ ಈ ಕಷ್ಟ ಒಂದು ಕೈ ಹೆಚ್ಚು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಸೇರಿದವರ ರಜೆಯ ಕಾಗದ ಹುಡುಕಲು ಗುಂಡ್ಲುಪೇಟೆಯಿಂದ ಮೈಸೂರಿಗೆ ಪತ್ರ ಬರೆದು ಕಾಯಬೇಕಾದ ಪ್ರಸಂಗಗಳನ್ನು ಕಂಡಿದ್ದೇನೆ.

ಕೇಂದ್ರ ಸರ್ಕಾರದ ನೌಕರರಿಗೆ ಈ ವಿಷಯದಲ್ಲಿ ಒಂದು ಆಸರೆ ಇದೆ. ಅಮಾನತು ಅಥವಾ ಅಸಾಧಾರಣ ರಜೆ ಪಿಂಚಣಿಗೆ ಎಣಿಕೆಯಾಗದು ಎಂದು ಸೇವಾ ಪುಸ್ತಕದಲ್ಲಿ ಆಗಿಂದಾಗ್ಗೆ ಬರೆದಿರದಿದ್ದರೆ, ಅದು ಎಣಿಕೆಯಾಗುತ್ತದೆಂದೇ ಭಾವಿಸಬೇಕು ಎಂದು ಕೇಂದ್ರದ ಹಣಕಾಸು ಸಚಿವಾಲಯ 1976ರಲ್ಲೇ ಸೂಚಿಸಿದೆ. ದೊಡ್ಡ ದಂಡನೆಗೆಂದು ವಿಚಾರಣೆ ನಡೆಸಿ ಕೊನೆಗೆ ಸಣ್ಣ ದಂಡನೆ ವಿಧಿಸಿದರೆ ಅಮಾನತೇ ಅನಗತ್ಯವಾಗಿತ್ತೆಂದು ತಿಳಿದು ಆ ಅವಧಿಯನ್ನು ಕರ್ತವ್ಯವೆಂದು ಎಣಿಸಬೇಕು ಎಂಬ 1985ರ ಡಿಸೆಂಬರ್ 3ರ ಸೂಚನೆಯೂ ಇದೆ. 18 ವರ್ಷ ಸೇವೆ ತುಂಬಿದಾಗ ಒಮ್ಮೆ, ನಿವೃತ್ತಿಗೆ 5 ವರ್ಷ ಇರುವಾಗ ಮತ್ತೊಮ್ಮೆ ಅರ್ಹತಾದಾಯಕ ಸೇವೆ ಇಷ್ಟು ಎಂದು ನೌಕರನಿಗೆ ಲಿಖಿತವಾಗಿ ತಿಳಿಸುತ್ತಾರೆ. ತಪ್ಪಿದ್ದರೆ ಸರಿಪಡಿಸಿಕೊಳ್ಳಲು ಐದು ವರ್ಷ ಕೈಯಲ್ಲಿರುತ್ತದೆ.

ನೌಕರ ಕೆಲಸಕ್ಕೆ ಮರಳಿದ ಮೂರು ತಿಂಗಳೊಳಗೆ ಎಣಿಕೆಯ ಆದೇಶ ಆಗಲೇಬೇಕು ಎಂದು ನಮ್ಮ ರಾಜ್ಯದ ಹಣಕಾಸು ಇಲಾಖೆಯೂ ಕಟ್ಟುನಿಟ್ಟಾಗಿ ವಿಧಿಸಲಿ. ಆ ಅವಧಿ ಮೀರಿದರೆ ಹೊಣೆ ಆದೇಶ ಮಾಡದ ಅಧಿಕಾರಿಯದಾಗಲಿ, ನೌಕರನ ಸೇವೆ ಕಡಿತವಾಗುವುದು ಬೇಡ. ನಿವೃತ್ತಿಗೆ ಐದು ವರ್ಷ ಮುಂಚಿನ ಲಿಖಿತ ಲೆಕ್ಕವನ್ನು ಪ್ರತಿ ಕಚೇರಿಗೂ ಕಡ್ಡಾಯ ಮಾಡಲಿ.

2006ರ ಏಪ್ರಿಲ್ 1ಕ್ಕೆ ಮೊದಲು ಸೇರಿ ಇನ್ನೂ ಸೇವೆಯಲ್ಲಿರುವವರಿಗೆ ಒಂದು ಮಾತು. ನಿಮ್ಮ ಸೇವಾ ವಹಿಯನ್ನು ಈ ತಿಂಗಳೇ ಕೇಳಿ ನೋಡಿ. ಅಮಾನತಿನ ಅಥವಾ ಗೈರಿನ ನಮೂದಿದ್ದು, ಎಣಿಕೆಯ ಆದೇಶದ ಸಂಖ್ಯೆ ಮತ್ತು ದಿನಾಂಕ ಅಲ್ಲಿ ಕಾಣದಿದ್ದರೆ, ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

— ನಿವೃತ್ತ ಕಚೇರಿ ಅಧೀಕ್ಷಕ, ಬೇಗೂರು, ಗುಂಡ್ಲುಪೇಟೆ ತಾಲ್ಲೂಕು