ಅಪ್ಪಯ್ಯ ಹೋದ ಮೇಲೆ ಬಂದ ಅಡಿಕೆ ವಿಮೆ ಯಾರದ್ದು?

ನವೆಂಬರ್ ಬಂತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲಿನ ಜೊತೆಗೆ ಇನ್ನೊಂದು ಮಾತೂ ಶುರುವಾಗುತ್ತದೆ: "ನಿಂಗೆ ಇನ್ಶೂರೆನ್ಸ್ ಬಂತಾ?" ಹೋದ ಸಲ ನಮ್ಮ ಊರಲ್ಲಿ ಎಲ್ಲರಿಗೂ ಬಂತು, ಒಂದು ಮನೆಗೆ ಮಾತ್ರ ಬರಲಿಲ್ಲ. ಅದು ಒಂದೂವರೆ ಎಕರೆ ತೋಟದ ಮನೆ. ಯಜಮಾನರು ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಅವರ ಮಗ ನನ್ನ ಹತ್ರ ಬಂದು, "ಅಣ್ಣ, ಅಪ್ಪಯ್ಯ ಹೋದ ಮೇಲೆ ಪಾಲಿಸಿನೂ ಹೋಯ್ತು ಅಂತ ಎಲ್ಲರೂ ಹೇಳ್ತಿದಾರೆ, ಹೌದಾ?" ಅಂತ ಕೇಳಿದ.

ಹೋಗಿರಲಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆ ಇರುವುದು ತೋಟಕ್ಕೆ, ಮನುಷ್ಯನ ಪ್ರಾಣಕ್ಕಲ್ಲ. ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ ಅದರ ಅವಧಿ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲು ಶೇ. 5, ಅಂದರೆ 6,400. ಒಂದೂವರೆ ಎಕರೆಗೆ ಸುಮಾರು 3,840 ರೂಪಾಯಿಯನ್ನು ಆ ಯಜಮಾನರು ಬದುಕಿದ್ದಾಗಲೇ ಕಟ್ಟಿದ್ದರು. ಪರಿಹಾರ ಲೆಕ್ಕ ಆಗುವುದು ಪಂಚಾಯ್ತಿಯ ಮಳೆಮಾಪಕ ಕೊಡುವ ಅಂಕಿಯ ಮೇಲೆ. ಅವರು ಇದ್ದರೂ, ಇಲ್ಲದಿದ್ದರೂ ಮಳೆ ಅಷ್ಟೇ ಬಿದ್ದಿದೆ. ಹಾಗಾಗಿ ಆ ವರ್ಷದ ಪರಿಹಾರ ಅವರ ಆಸ್ತಿಯ ಭಾಗವಾಗಿ ವಾರಸುದಾರರಿಗೆ ಸೇರಬೇಕು.

ಹಾಗಾದರೆ ದುಡ್ಡು ಎಲ್ಲಿ ನಿಂತಿತು? ಬ್ಯಾಂಕಿನಲ್ಲಿ. ಏಪ್ರಿಲ್‌ನಲ್ಲಿ ಮನೆಯವರು ಮರಣ ಪ್ರಮಾಣಪತ್ರ ಕೊಟ್ಟು, ಅಪ್ಪಯ್ಯನ ಉಳಿತಾಯ ಖಾತೆಯಲ್ಲಿದ್ದ ಚಿಲ್ಲರೆ ಹಣ ತೆಗೆದುಕೊಂಡು ಖಾತೆ ಮುಚ್ಚಿಸಿದ್ದರು. ವಿಮೆ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ಮತ್ತು ಜೋಡಣೆಯಾಗಿದ್ದದ್ದು ಅದೇ ಖಾತೆ. ನವೆಂಬರ್‌ನಲ್ಲಿ ಹೊರಟ ಹಣ ವಾಪಸ್ ಹೋಯಿತು. ಸಂರಕ್ಷಣೆ ಪೋರ್ಟಲ್‌ನಲ್ಲಿ (samrakshane.karnataka.gov.in) ಅರ್ಜಿ ಸಂಖ್ಯೆ ಹಾಕಿ ನೋಡಿದಾಗ ಪರಿಹಾರ ಮಂಜೂರಾಗಿತ್ತು, ಪಾವತಿ ಮಾತ್ರ ಆಗಿರಲಿಲ್ಲ. ಇದನ್ನು ನೀವೂ ಫೋನಲ್ಲೇ ನೋಡಬಹುದು. "ನಮ್ಮ ಪಂಚಾಯ್ತಿಗೆ ಪರಿಹಾರವೇ ಇಲ್ಲ" ಅನ್ನುವುದಕ್ಕೂ "ಪರಿಹಾರ ಇದೆ, ಖಾತೆಗೆ ಹೋಗಿಲ್ಲ" ಅನ್ನುವುದಕ್ಕೂ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ. ಮೊದಲನೆಯದಕ್ಕೆ ಅಲೆದು ಪ್ರಯೋಜನ ಇಲ್ಲ, ಎರಡನೆಯದಕ್ಕೆ ಅಲೆಯಲೇಬೇಕು.

ಖಾತೆ ಮುಚ್ಚಬಾರದು ಅಂದ ಮಾತ್ರಕ್ಕೆ ಸಾವನ್ನು ಮುಚ್ಚಿಟ್ಟು ಎಟಿಎಂ ಕಾರ್ಡಲ್ಲಿ ತೆಗೆಯಿರಿ ಅಂತಲ್ಲ. ನಮ್ಮಲ್ಲಿ ಇದು ಧಾರಾಳ ನಡೆಯುತ್ತದೆ, ಪಿನ್ ಗೊತ್ತಿದ್ದ ಮಗನೇ ವಾರಸುದಾರ ಎಂಬಂತೆ. ತೀರಿಕೊಂಡ ಕ್ಷಣದಿಂದ ಆ ದುಡ್ಡು ಎಲ್ಲ ವಾರಸುದಾರರದ್ದು, ನಾಳೆ ಅಕ್ಕ ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾದವನು ತೆಗೆದವನೇ. ಸರಿಯಾದ ದಾರಿ ಬೇರೆ ಇದೆ. ಬ್ಯಾಂಕಿಗೆ ಸಾವನ್ನು ತಿಳಿಸುವಾಗಲೇ "ಇವರ ಹೆಸರಿಗೆ ಬೆಳೆ ವಿಮೆ ಬರುವುದಿದೆ" ಅಂತ ಬರೆದುಕೊಡಿ. ಸತ್ತವರ ಹೆಸರಿಗೆ ಮುಂದೆ ಬರುವ ಹಣಕ್ಕಾಗಿ, ನಾಮಿನಿಯ ಒಪ್ಪಿಗೆ ಪಡೆದು, ಮೃತರ ಆಸ್ತಿಯ ಹೆಸರಿನಲ್ಲಿ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ. ಅದರಿಂದ ಹಣ ತೆಗೆಯಲು ಬರುವುದಿಲ್ಲ, ಬಂದದ್ದು ನಿಂತಿರುತ್ತದೆ. ಇಲ್ಲದಿದ್ದರೆ ಬ್ಯಾಂಕು "ಖಾತೆದಾರ ಮೃತ" ಅಂತ ಷರಾ ಬರೆದು ಹಣ ವಾಪಸ್ ಕಳಿಸುತ್ತದೆ. ಕೌಂಟರಿನಲ್ಲಿ ಇರುವವರಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ಮ್ಯಾನೇಜರ್ ಹತ್ರ ಕೇಳಿ. ಅಪ್ಪಯ್ಯನ ಮೊಬೈಲ್ ಸಿಮ್ಮನ್ನೂ ಒಂದು ವರ್ಷ ರೀಚಾರ್ಜ್ ಮಾಡಿ ಇಟ್ಟುಕೊಳ್ಳಿ, ವಿಮೆಯ ಮೆಸೇಜು ಬರುವುದು ಅದಕ್ಕೇ.

ಆ ಹುಡುಗ ಮತ್ತೆ ಓಡಾಡಿದ. ವಿಮೆ ಕಟ್ಟಿದ ಸೊಸೈಟಿ, ತೋಟಗಾರಿಕೆ ಇಲಾಖೆ, ವಿಮಾ ಕಂಪನಿಯ ತಾಲೂಕು ಪ್ರತಿನಿಧಿ, ಮೂರೂ ಕಡೆ ಅರ್ಜಿ ಕೊಟ್ಟ. ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಿಮೆ ಕಟ್ಟಿದ ರಸೀದಿ, ಅಮ್ಮನ ಆಧಾರ್ ಜೋಡಣೆಯಾದ ಪಾಸ್‌ಬುಕ್, ಮತ್ತೆ ಉಳಿದ ವಾರಸುದಾರರು "ಹಣ ಅಮ್ಮನ ಖಾತೆಗೆ ಹೋಗಲು ನಮ್ಮ ತಕರಾರಿಲ್ಲ" ಅಂತ ಬರೆದ ಒಪ್ಪಿಗೆ ಪತ್ರ. ಕೊಟ್ಟದ್ದಕ್ಕೆಲ್ಲ ಸ್ವೀಕೃತಿ ಸೀಲ್ ಹಾಕಿಸಿಕೊಂಡ, ಅದೇ ಕೊನೆಗೆ ಉಪಯೋಗಕ್ಕೆ ಬಂತು. ಹಣ ಬಂದದ್ದು ಐದು ತಿಂಗಳ ಮೇಲೆ.

ಜಗಳ ಹುಟ್ಟಿದ್ದು ಒಪ್ಪಿಗೆ ಪತ್ರದಲ್ಲಿ. ಅರ್ಜಿಯಲ್ಲಿ ನಾಮಿನಿ ಅಂತ ಇದ್ದದ್ದು ಮಗನ ಹೆಸರು. "ನಾನೇ ನಾಮಿನಿ, ಅಕ್ಕನ ಸಹಿ ಯಾಕೆ?" ಅಂತ ಅವನ ವಾದ. ನಮ್ಮ ಕಡೆ ತೊಂಬತ್ತು ಜನ ಹೀಗೇ ತಿಳಿದಿದ್ದಾರೆ. ನಾಮಿನಿ ಅಂದರೆ ದುಡ್ಡು ಇಸ್ಕೊಳ್ಳುವ ಕೈ, ಅದರ ಒಡೆಯ ಅಲ್ಲ. ಸುಪ್ರೀಂ ಕೋರ್ಟ್ 1983ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ಹೀಗೆ ಹೇಳಿತ್ತು. 2015ರಲ್ಲಿ ವಿಮಾ ಕಾಯ್ದೆಯ 39ನೇ ಕಲಂಗೆ ತಿದ್ದುಪಡಿ ಬಂದು, ಜೀವ ವಿಮೆಯಲ್ಲಿ ಹೆತ್ತವರು, ಗಂಡ-ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಹಕ್ಕು ಅವರಿಗೇ ಅನ್ನುವಂಥ ಮಾತು ಸೇರಿತು. ಅಲ್ಲಿಂದ ಗೊಂದಲ ಶುರು. 2025ರಲ್ಲಿ ನಮ್ಮ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಮದುವೆಗೆ ಮೊದಲು ಪಾಲಿಸಿ ಮಾಡಿದ ಒಬ್ಬರು ತಾಯಿಯನ್ನು ನಾಮಿನಿ ಮಾಡಿದ್ದರು, ಮದುವೆಯಾಗಿ ಮಗು ಹುಟ್ಟಿದ ಮೇಲೂ ಬದಲಿಸಿರಲಿಲ್ಲ, ತೀರಿಕೊಂಡರು. ತಿದ್ದುಪಡಿ ಇದ್ದರೂ ಉತ್ತರಾಧಿಕಾರ ಕಾನೂನನ್ನು ಅದು ಮೀರುವುದಿಲ್ಲ, ವಾರಸುದಾರರು ಹಕ್ಕು ಕೇಳಿದರೆ ಕೊಡಬೇಕು ಅಂತ ಕೋರ್ಟ್ ಹೇಳಿ, ತಾಯಿ, ಹೆಂಡತಿ, ಮಗುವಿಗೆ ಮೂರನೇ ಒಂದೊಂದು ಪಾಲು ಮಾಡಿತು.

ನಮ್ಮ ಹುಡುಗನ ಮನೆಗೆ ಇದನ್ನು ಹಚ್ಚಿ ನೋಡಿ. ಉಯಿಲು ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು, ಜೊತೆಗೆ ತೀರಿಕೊಂಡವರ ತಾಯಿ ಬದುಕಿದ್ದರೆ ಅವರೂ, ಎಲ್ಲರಿಗೂ ಸಮಪಾಲು. ಅಜ್ಜಿ ಇದ್ದರು. ಅಂದರೆ ನಾಲ್ಕು ಪಾಲು. ಅಜ್ಜಿಗೂ ಪಾಲಿದೆ ಅನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಜ್ಜಿಗಂತೂ ಇಲ್ಲವೇ ಇಲ್ಲ. ಕೊನೆಗೆ ಅಕ್ಕ ಸಹಿ ಹಾಕಿದಳು, "ಕೇಳಿದ್ರೆ ಮೊದ್ಲೇ ಹಾಕ್ತಿದ್ದೆ, ಕೇಳ್ದೆ ಇದ್ದಿದ್ದಕ್ಕೆ ಬೇಜಾರು" ಅಂದಳು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಬಿಟ್ಟು ಬೇಗ ಕೆಲಸ ಮುಗಿಸುವವರನ್ನು ನಾನು ನೋಡಿದ್ದೇನೆ. ಅದು ಸುಳ್ಳು ದಾಖಲೆ, ಮುಂದೆ ತೋಟದ ಖಾತೆ ಮಾಡುವಾಗ ಕುತ್ತಿಗೆಗೇ ಬರುತ್ತದೆ.

ಇನ್ನೊಂದು ತಪ್ಪು ಮುಂದಿನ ಜೂನ್‌ನಲ್ಲಿ ಆಗುತ್ತದೆ. ಪಹಣಿ ಇನ್ನೂ ಅಪ್ಪಯ್ಯನ ಹೆಸರಲ್ಲಿ, ಸೊಸೈಟಿ ಸಾಲವೂ ಅವರ ಹೆಸರಲ್ಲಿ. ಸಾವನ್ನು ಯಾರೂ ತಿಳಿಸದಿದ್ದರೆ ಸಾಲದ ಜೊತೆ ವಿಮೆ ಕಂತೂ ಅವರ ಹೆಸರಲ್ಲೇ ಮುರಿದು ಹೋಗಬಹುದು. ತೀರಿಕೊಂಡವರ ಹೆಸರಲ್ಲಿ ಹೊಸ ವಿಮೆ ಮಾಡುವುದು ಅಂದರೆ ಕಂತು ಕಟ್ಟಿ ತಕರಾರು ಕೊಂಡುಕೊಂಡ ಹಾಗೆ. ಅದಕ್ಕೇ ಪೌತಿ ಖಾತೆಗೆ ವೈಕುಂಠ ಸಮಾರಾಧನೆ ಮುಗಿದ ತಿಂಗಳಲ್ಲೇ ಅರ್ಜಿ ಹಾಕಿ, ಹೊಸ ಹೆಸರಿನ ಪಹಣಿ ಬಂದ ಕೂಡಲೇ ಫ್ರೂಟ್ಸ್‌ನಲ್ಲಿ ನಿಮ್ಮ ಎಫ್‌ಐಡಿಗೆ ಆ ಸರ್ವೆ ನಂಬರ್ ಸೇರಿಸಿಕೊಳ್ಳಿ. ಸೊಸೈಟಿಯವರೂ ಜೂನ್‌ನಲ್ಲಿ ಕಂತು ಮುರಿಯುವ ಮೊದಲು ಸದಸ್ಯರು ಇದ್ದಾರಾ, ನಾಮಿನಿ ಯಾರು ಅಂತ ಒಂದು ಸಲ ಕೇಳಬೇಕು. ಊರಲ್ಲಿ ಯಾರು ಹೋದರು ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ, ಊಟಕ್ಕೆ ಬಂದವರೇ.

ಖಾತೆ ಮುಚ್ಚುವ ಮೊದಲು ಪಾಸ್‌ಬುಕ್‌ನಲ್ಲಿ ಮೇ, ಜೂನ್ ತಿಂಗಳ ಸಾಲುಗಳನ್ನೂ ಓದಿ. 436 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ, 2 ಲಕ್ಷದ ಜೀವ ವಿಮೆ. 20 ರೂಪಾಯಿ ಆಗಿದ್ದರೆ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಅಡಿಕೆ ಮರದಿಂದ ಬಿದ್ದು ಸತ್ತರೂ ಅಪಘಾತವೇ, ಆದರೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. "ಕೊಯ್ಯೋದು ಬ್ಯಾಡ" ಅಂತ ಹಾಗೇ ಸಂಸ್ಕಾರ ಮಾಡಿದ ಮೇಲೆ ದಾಖಲೆ ಎಲ್ಲಿಂದ ತರುವುದು? ಆ ಹುಡುಗನ ಮನೆಯ ಪಾಸ್‌ಬುಕ್‌ನಲ್ಲಿ 436 ಇರಲಿಲ್ಲ. ಅಮ್ಮನ ಪಾಸ್‌ಬುಕ್‌ನಲ್ಲಿ ಇತ್ತು. ನಾಮಿನಿ ಜಾಗದಲ್ಲಿ ಇನ್ನೂ ಅಪ್ಪಯ್ಯನ ಹೆಸರೇ ಇದೆ, ಈ ವಾರ ಬದಲಿಸಲು ಹೋಗುತ್ತಿದ್ದಾರೆ.