‘ಮುಂದುವರಿಸಿ’ ಎಂದವರಿಗೆ

ಮನೆವಾರ್ತೆಯ ಹಣಕಾಸನ್ನು ಕುರಿತ ಈ ಅಂಕಣಕ್ಕೆ ಈ ಸಲ ಬಂದ ಕಾಗದಗಳಲ್ಲಿ ಒಂದು ಕಾರ್ಡಿನ ಒಕ್ಕಣೆಯೆಲ್ಲ “ಮುಂದುವರಿಸಿ” ಎಂಬ ಒಂದೇ ಮಾತು. ಹಿಂದಿನ ಕಾಗದಗಳನ್ನು ತೆಗೆದು ನೋಡಿದೆವು. ಅದೇ ಕೈಬರಹದ ಬೇರೊಂದು ಕಾಗದ ನಮ್ಮಲ್ಲಿಲ್ಲ. ಹೀಗೆ ಇದು ಈ ಮಹಾಶಯರ ಮೊದಲನೆಯ ಮಾತು. ಮುಂದುವರಿಸುವುದಕ್ಕೆ ಹಿಂದಿನದು ಯಾವುದೂ ನಮ್ಮ ಬಳಿ ಇಲ್ಲ. ಆ ಮಾತಾದರೂ ನಮಗೆ ಕೊಟ್ಟ ಅಪ್ಪಣೆಯೋ, ‘ಮುಂದುವರಿಸಿ ಆಯಿತು, ಇನ್ನೇನು?’ ಎಂಬ ಪ್ರಶ್ನೆಯ ಅರ್ಧಭಾಗವೋ ಕನ್ನಡದಲ್ಲಿ ಎರಡೂ ಆಗಬಹುದು.

ಆದರೂ ಹದಿನೈದು ವರ್ಷ ತುಂಬಿದ ಸಾರ್ವಜನಿಕ ಭವಿಷ್ಯ ನಿಧಿಯ, ಎಂದರೆ ಪಿ.ಪಿ.ಎಫ್. ಲೆಕ್ಕದ ವಿಚಾರವಾಗಿ ಇದೇ ಮಾತನ್ನು ಅನೇಕರು ಆಡುವುದುಂಟು. ತಮ್ಮ ಇಂಗಿತವೂ ಅದೇ ಆಗಿದ್ದರೆ ಈ ಒಂದು ಮಾತು ಸಾಲದು. ಏಕೆಂದರೆ ಆ ಲೆಕ್ಕವನ್ನು ಮುಂದುವರಿಸುವುದರಲ್ಲಿ ಎರಡು ಬಗೆಗಳಿವೆ: ಕಂತು ಕಟ್ಟುತ್ತ ಮುಂದುವರಿಸುವುದು ಒಂದು, ಕಂತು ಕಟ್ಟದೆ, ಇದ್ದ ಹಣವನ್ನು ಬಡ್ಡಿಗೆ ಬಿಟ್ಟಿರುವುದು ಇನ್ನೊಂದು. ಏನನ್ನೂ ಹೇಳದೆ ಸುಮ್ಮನಿದ್ದವರ ಲೆಕ್ಕ ತಾನಾಗಿಯೇ ಎರಡನೆಯ ದಾರಿಯಲ್ಲಿ ಸಾಗುತ್ತದೆ.

ಮೊದಲು ಅವಧಿ ಮುಗಿಯುವ ದಿನವನ್ನು ನಿಶ್ಚಯಿಸಿಕೊಳ್ಳಬೇಕು. 2010ರ ಜೂನ್ ತಿಂಗಳಲ್ಲಿ ಲೆಕ್ಕ ತೆರೆದ ಗೃಹಸ್ಥರೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2025ರ ಜೂನ್‌ಗೆ ಹದಿನೈದು ವರ್ಷ ತುಂಬಿತೆಂದು ಅವರು ಎಣಿಸುವುದು ಸಹಜ. ಆದರೆ ಎಣಿಕೆಯು ಲೆಕ್ಕ ತೆರೆದ ದಿನದಿಂದಲ್ಲ, ತೆರೆದ ಆರ್ಥಿಕ ವರ್ಷದ ಕೊನೆಯಿಂದ. ಅವರ ಪಾಲಿಗೆ ಅದು 2011ರ ಮಾರ್ಚ್ 31. ಅಲ್ಲಿಂದ ಹದಿನೈದು ವರ್ಷವೆಂದರೆ 2026ರ ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ.

ಕಂತು ಕಟ್ಟುತ್ತ ಮುಂದುವರಿಸುವ ಇಚ್ಛೆಯಿದ್ದವರು ಅವಧಿ ಮುಗಿದ ಒಂದು ವರ್ಷದೊಳಗೆ ಬ್ಯಾಂಕಿಗೆ ಅಥವಾ ಅಂಚೆ ಕಚೇರಿಗೆ ನಾಲ್ಕನೆಯ ನಮೂನೆಯನ್ನು ತುಂಬಿ ಕೊಡಬೇಕು. ಮೇಲಿನ ಗೃಹಸ್ಥರಿಗೆ 2027ರ ಮಾರ್ಚ್ 31ರ ತನಕ ಅವಕಾಶವಿದೆ. ಕೊಟ್ಟರೆ ಲೆಕ್ಕ ಐದು ವರ್ಷ ಬೆಳೆಯುತ್ತದೆ. ಆ ಗಡುವು ದಾಟಿತೆಂದರೆ ಲೆಕ್ಕ ಕಂತಿಲ್ಲದ ದಾರಿಯನ್ನು ಹಿಡಿದಂತೆಯೇ. ಮತ್ತೆ ಕಂತು ಕಟ್ಟುವ ದಾರಿಗೆ ಮರಳುವಂತಿಲ್ಲ.

ಇಲ್ಲಿಯೇ ಅನೇಕರು ಎಡವುತ್ತಾರೆ. ಪ್ರತಿ ತಿಂಗಳೂ ಉಳಿತಾಯದ ಲೆಕ್ಕದಿಂದ ಕಂತು ತಾನಾಗಿಯೇ ಹೋಗುವಂತೆ ಹಿಂದೆ ಬರೆದುಕೊಟ್ಟಿರುತ್ತಾರೆ. ಅವಧಿ ಮುಗಿದ ಮೇಲೂ ಹಣ ಹೋಗುತ್ತಲೇ ಇರುತ್ತದೆ. ಆದುದರಿಂದ ಲೆಕ್ಕ ಸರಿಯಾಗಿ ಮುಂದುವರಿದಿದೆಯೆಂದು ನೆಮ್ಮದಿಯಾಗಿರುತ್ತಾರೆ. ನಮೂನೆಯಿಲ್ಲದೆ ಕಟ್ಟಿದ ಆ ಕಂತುಗಳು ಕ್ರಮಬದ್ಧವಲ್ಲ, ಅವಕ್ಕೆ ಬಡ್ಡಿ ದೊರೆಯದು. ಪರೀಕ್ಷಿಸುವ ಬಗೆ ಸುಲಭ: ಲೆಕ್ಕದ ದಾಖಲೆಯಲ್ಲಿ ಮುಕ್ತಾಯದ ದಿನ ಐದು ವರ್ಷ ಮುಂದಕ್ಕೆ ಹೋಗಿದೆಯೇ ಎಂದು ಕೇಳಿ ನೋಡಬೇಕು. ನಮೂನೆಯನ್ನು ಕೊಟ್ಟುದಕ್ಕೆ ರಸೀತಿಯನ್ನೂ ಪಡೆದಿಟ್ಟುಕೊಳ್ಳಬೇಕು.

ಇನ್ನು ಯಾವ ದಾರಿ ಯಾರಿಗೆ ಎಂಬ ಮಾತು. ಆ ಗೃಹಸ್ಥರ ಲೆಕ್ಕದಲ್ಲಿ ಅವಧಿ ಮುಗಿದಾಗ 20 ಲಕ್ಷ ರೂಪಾಯಿ ಇದೆಯೆನ್ನೋಣ. ಕಂತು ಕಟ್ಟುತ್ತ ಮುಂದುವರಿಸಿದರೆ ಆ ಐದು ವರ್ಷಗಳಲ್ಲಿ ಅವರು ಹಿಂದಕ್ಕೆ ಪಡೆಯಬಹುದಾದುದು ಒಟ್ಟು ನೂರಕ್ಕೆ 60ರಷ್ಟು, ಎಂದರೆ 12 ಲಕ್ಷ. ಉಳಿದ 8 ಲಕ್ಷವೂ ಹೊಸ ಕಂತುಗಳೂ ಅಲ್ಲಿಯೇ ಇರಬೇಕು. ಕಂತು ಕಟ್ಟದೆ ಬಿಟ್ಟರೆ ಅಂತಹ ಮಿತಿಯಿಲ್ಲ. ಬೇಕಾದಷ್ಟನ್ನು ತೆಗೆಯಬಹುದು, ಉಳಿದುದಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ಎರಡರಲ್ಲಿಯೂ ವರ್ಷಕ್ಕೆ ತೆಗೆಯುವುದು ಒಂದೇ ಸಲ. ಮಗಳ ಮದುವೆಯೋ ಮನೆ ಕಟ್ಟುವ ಕೆಲಸವೋ ಹತ್ತಿರದಲ್ಲಿದ್ದು ಇಡೀ ಹಣ ಬೇಕಾದೀತೆಂಬವರಿಗೆ ಎರಡನೆಯದು ಮೇಲು. ಸಂಬಳ ಬರುತ್ತಿದ್ದು ಇನ್ನೂ ಕೂಡಿಹಾಕುವ ಶಕ್ತಿಯುಳ್ಳವರಿಗೆ ಮೊದಲನೆಯದು.

ಆದುದರಿಂದ ಕಾರ್ಡು ಬರೆದ ಮಹಾಶಯರಲ್ಲಿ ನಮ್ಮ ಅರಿಕೆಯಿಷ್ಟು. ತಾವು ಕೇಳುವುದು ಈ ಲೆಕ್ಕವನ್ನೇ ಆದರೆ, ಅದನ್ನು ತೆರೆದ ತಿಂಗಳು ಮತ್ತು ವರ್ಷ, ಅವಧಿ ಮುಗಿದ ಮೇಲೆ ಕಂತು ಕಟ್ಟಿದ್ದೀರೋ ಇಲ್ಲವೋ, ನಮೂನೆ ಕೊಟ್ಟಿದ್ದೀರೋ ಇಲ್ಲವೋ, ಇವನ್ನು ಬರೆದು ತಿಳಿಸಬೇಕು. ಲೆಕ್ಕದ ಸಂಖ್ಯೆಯನ್ನು ನಮಗೆ ಬರೆಯುವುದು ಬೇಡ. ಅದರ ಅಗತ್ಯ ನಮಗಿಲ್ಲ. ಕೇಳುವುದು ಬೇರೆ ವಿಷಯವಾದರೆ ಅದರ ಹೆಸರನ್ನು ತಿಳಿಸಿದರೆ ಸಾಕು. ಅವಧಿ ಈಗಾಗಲೇ ಮುಗಿದಿದ್ದರೆ ಮಾತ್ರ ನಮ್ಮ ಉತ್ತರಕ್ಕಾಗಿ ಮುಂದಿನ ಸಂಚಿಕೆಯವರೆಗೆ ಕಾಯಬಾರದು. ಇನ್ನೊಂದು ಕಂತು ಕಟ್ಟುವ ಮೊದಲೇ ಆ ಕಚೇರಿಗೆ ಹೋಗಿ ವಿಚಾರಿಸಬೇಕು.